ಬಾಗಿಲು ಹಾಕುವ ದಿನ ಸಾಲದು ಸ್ವಾಮಿ, ಆರ್ಡರ್ ಮುಗಿಯುವ ದಿನ ಹೇಳಿ!



ನಿಮ್ಮೂರಿನ ಪೇಟೆ ಬೀದಿಯಲ್ಲಿ ಒಮ್ಮೆ ನಡೆದುಕೊಂಡು ಹೋಗಿ. ತಲೆ ಎತ್ತಿ ನೋಡಿದರೆ ಬೋರ್ಡುಗಳಲ್ಲಿ ಕನ್ನಡ ಕಾಣುತ್ತದೆ. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತಲ್ಲ, ಅದರ ಫಲ. ಸಂತೋಷ! ಈಗ ತಲೆ ತಗ್ಗಿಸಿ, ಅದೇ ಅಂಗಡಿಯ ಷಟರಿಗೆ ಹಬ್ಬದ ದಿನ ಅಂಟಿಸಿದ ಚೀಟಿ ನೋಡಿ. ಅದು ಇಂಗ್ಲಿಷ್! ಬೋರ್ಡು ಸರ್ಕಾರಕ್ಕೆ, ಚೀಟಿ ಗಿರಾಕಿಗೆ. ಸರ್ಕಾರಕ್ಕೆ ಕನ್ನಡ, ಗಿರಾಕಿಗೆ ಇಂಗ್ಲಿಷ್. ಇದೆಂಥ ವ್ಯವಹಾರ?

ಆದರೆ ಇವತ್ತು ನಾನು ಭಾಷೆಯ ಜಗಳವೊಂದನ್ನೇ ತಂದಿಲ್ಲ. ಆ ಚೀಟಿಯನ್ನು ಅಚ್ಚ ಕನ್ನಡದಲ್ಲಿ ಬರೆದರೂ ಅದರಲ್ಲಿ ಇರಬೇಕಾದ ಮಾತು ಇರುವುದಿಲ್ಲ ಎಂಬುದೇ ನನ್ನ ತಕರಾರು. ಹಬ್ಬಕ್ಕೆ ಅಂಗಡಿ ಯಾವತ್ತು ಮುಚ್ಚುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಯಾವತ್ತಿನೊಳಗೆ ಆರ್ಡರ್ ಕೊಟ್ಟರೆ ಸಾಮಾನು ಹಬ್ಬಕ್ಕೆ ಮನೆ ಸೇರುತ್ತದೆ, ಮತ್ತೆ ಬಾಗಿಲು ತೆಗೆದ ಮೇಲೆ ಯಾವತ್ತಿನ ಆರ್ಡರ್ ಯಾವತ್ತು ಹೊರಡುತ್ತದೆ, ಇದನ್ನು ಬರೆಯುವವರು ವಿರಳ. ಗಿರಾಕಿಗೆ ಬೇಕಾದದ್ದು ಇವೆರಡೇ!

ಅಕ್ಕನ ಮನೆಯ ದೀಪಾವಳಿ

2025ರ ದೀಪಾವಳಿಯ ಮಾತು. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮನೆಗೆ ಮಗಳು-ಅಳಿಯ ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಬರುವವರಿದ್ದರು. ಅಳಿಯನಿಗೆ ಕರದಂಟು ಅಂದರೆ ಪ್ರಾಣ. ಅಕ್ಕ ಬೆಳಗಾವಿ ಸೀಮೆಯ ಒಂದು ಅಂಗಡಿಗೆ ಫೋನ್ ಮಾಡಿ, ಅಕ್ಟೋಬರ್ 13ರ ಸೋಮವಾರ ನಾಲ್ಕು ಡಬ್ಬಿಗೆ ಹಣವನ್ನೂ ಕಟ್ಟಿದಳು. ಅಂಗಡಿಯವರು ಮೊಬೈಲಿಗೆ ಒಂದು ಬಣ್ಣಬಣ್ಣದ ಚಿತ್ರ ಕಳಿಸಿದ್ದರು. ದೀಪ, ಪಟಾಕಿ, ನಡುವೆ ನಾಲ್ಕು ಸಾಲು ಇಂಗ್ಲಿಷ್. ಪಕ್ಕದ ಮನೆಯ ಹುಡುಗನ ಕೈಲಿ ಓದಿಸಿದಳು. 19ರಿಂದ 23ರವರೆಗೆ ಅಂಗಡಿ ಬಂದ್ ಎಂದು ಅವನು ಹೇಳಿದ. ಅಕ್ಕ ಲೆಕ್ಕ ಹಾಕಿದಳು: "ಇವತ್ತು 13. ಮುಚ್ಚೋದು 19ಕ್ಕೆ. ಇನ್ನೂ ಆರು ದಿನ ಇದೆ. ಬಂದೇ ಬರುತ್ತೆ."

ಬರಲಿಲ್ಲ. 20ನೇ ತಾರೀಕು ಸೋಮವಾರ ನರಕ ಚತುರ್ದಶಿ, 22ರ ಬುಧವಾರ ಬಲಿಪಾಡ್ಯಮಿ, ಎರಡೂ ಕಳೆದವು. 23ಕ್ಕೆ ಮಗಳು-ಅಳಿಯ ಊರಿಗೆ ಹೊರಟರು. 24ರ ಶುಕ್ರವಾರ ಮಧ್ಯಾಹ್ನ ಪಾರ್ಸೆಲ್ ಬಂತು. ಡಬ್ಬಿಯ ಮೂಲೆಯಲ್ಲಿ ಬೆಲ್ಲ ಬೆವರಿ ಕಾಗದಕ್ಕೆ ಹತ್ತಿಕೊಂಡಿತ್ತು.

ನಾನೇ ಅಂಗಡಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಬೇಸರವಿಲ್ಲದೆ ಹೇಳಿದ: "ನೋಟೀಸ್ ಕಳಿಸಿದ್ವಲ್ರೀ ಸರ, ನೋಡಿಲ್ಲೇನ್ರೀ? ನಾವು ರಜಾದಾಗ ಕಳಸ್ತೀವಿ ಅಂತ ಎಲ್ಲಿ ಹೇಳೀವ್ರೀ? 16ಕ್ಕೇ ಪಾರ್ಸೆಲ್ ಹಾಕೀವಿ ನೋಡ್ರಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಮಿತ್ರರೇ! ಅದೇ ಇಲ್ಲಿನ ತಮಾಷೆ. ಚೀಟಿಯೂ ಸತ್ಯ, ರಜೆಯೂ ಸತ್ಯ, 16ಕ್ಕೆ ಕಳಿಸಿದ್ದೂ ಸತ್ಯ. ಆದರೂ ಅಕ್ಕ ಮೋಸಹೋದಳು. ಹೇಗೆ?

ಲೆಕ್ಕ ಹಿಂದಿನಿಂದ ಹಾಕಬೇಕು

ಅಂಗಡಿಯವರು ಎಣಿಸಿದ್ದು ಮುಂದಕ್ಕೆ. ಎಣಿಸಬೇಕಾದದ್ದು ಹಬ್ಬದ ದಿನದಿಂದ ಹಿಂದಕ್ಕೆ. ಬನ್ನಿ, ನಾವೇ ಮಾಡಿ ನೋಡೋಣ. ದಿನಕ್ಕೆ ಒಂದು ಕಿಲೋದ 60 ಡಬ್ಬಿ ಕರದಂಟು ಮಾಡುವ ಸಣ್ಣ ಕಾರ್ಖಾನೆ ಎಂದಿಟ್ಟುಕೊಳ್ಳಿ. ಭಾನುವಾರ ರಜೆ. ಅಂಟು ಕರಿದು, ಉತ್ತತ್ತಿ, ಗೋಡಂಬಿ, ಕೊಬ್ಬರಿ ಕೂಡಿಸಿ, ಬೆಲ್ಲದ ಪಾಕಕ್ಕೆ ಹಾಕಿ, ತಟ್ಟಿ, ಆರಿಸಿ, ಕತ್ತರಿಸಿ ಡಬ್ಬಿಗೆ ತುಂಬಬೇಕು. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ನೀರಾಡುತ್ತದೆ. ಹಾಗಾಗಿ ಇವತ್ತು ಮಾಡಿದ್ದು ನಾಳೆ ಹೊರಡುತ್ತದೆ.

ಮೊದಲನೆಯದು, ಪಾರ್ಸೆಲ್ ಮನೆ ಮುಟ್ಟಬೇಕಾದ ದಿನ. ಹಬ್ಬ 20ರ ಸೋಮವಾರ. 19 ಭಾನುವಾರ, ಪಾರ್ಸೆಲ್ ಹಂಚುವವರು ಬರುತ್ತಾರೆಂದು ನಂಬುವ ಹಾಗಿಲ್ಲ. ಆದ್ದರಿಂದ 18ರ ಶನಿವಾರವೇ ಕೊನೆ.

ಎರಡನೆಯದು, ದಾರಿಯ ದಿನಗಳು. ಈ ಅಂಗಡಿಯಿಂದ ಅಕ್ಕಪಕ್ಕದ ಜಿಲ್ಲೆಗೆ ಒಂದು ದಿನ, ದಾವಣಗೆರೆ, ಬೆಂಗಳೂರು, ಮೈಸೂರು, ಮಂಗಳೂರಿಗೆ ಮೂರು ದಿನ, ಹೊರರಾಜ್ಯಕ್ಕೆ ಐದು ದಿನ ಎಂದಿಟ್ಟುಕೊಳ್ಳಿ. ಇದು ಸಾಧಾರಣ ದಿನಗಳ ಮಾತು. ಹಬ್ಬದ ವಾರದಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ ಗೋಡೌನ್ ತುಂಬಿ ತುಳುಕುತ್ತದೆ. ಅದಕ್ಕೊಂದು ದಿನ ಸೇರಿಸಲೇಬೇಕು. ಅಂದರೆ ಎರಡು, ನಾಲ್ಕು, ಆರು. ಕೆಲಸದ ದಿನಗಳನ್ನಷ್ಟೇ ಎಣಿಸಿ ಹಿಂದಕ್ಕೆ ಬನ್ನಿ. ಅಕ್ಕಪಕ್ಕದ ಜಿಲ್ಲೆಯ ಪಾರ್ಸೆಲ್ 16ರ ಗುರುವಾರ ಹೊರಡಬೇಕು. ದಾವಣಗೆರೆ, ಬೆಂಗಳೂರಿನದು 14ರ ಮಂಗಳವಾರ. ಹೊರರಾಜ್ಯದ್ದು 11ರ ಶನಿವಾರ.

ಮೂರನೆಯದು, ಕಾರ್ಖಾನೆಯೊಳಗಿನ ಸರದಿ. ಆರ್ಡರ್ ಪುಸ್ತಕದಲ್ಲಿ ಆಗಲೇ 120 ಡಬ್ಬಿ ಬಾಕಿ ಇದ್ದರೆ ಅದು ಎರಡು ದಿನದ ಕೆಲಸ. ಹೊಸ ಆರ್ಡರಿನ ತಯಾರಿಗೆ ಇನ್ನೊಂದು ದಿನ. ಒಟ್ಟು ಮೂರು. ಹೊರಡುವ ದಿನದಿಂದ ಇನ್ನೂ ಮೂರು ಕೆಲಸದ ದಿನ ಹಿಂದೆ ಬಂದರೆ, ಹೊರರಾಜ್ಯದವರಿಗೆ ಕೊನೆಯ ಆರ್ಡರ್ ದಿನ 8ರ ಬುಧವಾರ. ಬೆಂಗಳೂರು, ದಾವಣಗೆರೆ ಕಡೆಗೆ 10ರ ಶುಕ್ರವಾರ. ಅಕ್ಕಪಕ್ಕದ ಜಿಲ್ಲೆಗೆ 13ರ ಸೋಮವಾರ.

ಈಗ ತಿಳಿಯಿತೇ? ಅಂಗಡಿ ಮುಚ್ಚುವುದು 19ಕ್ಕೆ. ಆದರೆ ಅಕ್ಕನ ಪಾಲಿಗೆ ಅದು 10ಕ್ಕೇ ಮುಚ್ಚಿತ್ತು! ಅವಳ 13ರ ಆರ್ಡರ್ ಸರದಿ ಕಾದು 16ಕ್ಕೆ ಹೊರಟಿತು. 17, 18 ದಾರಿಯಲ್ಲಿ. ಅಲ್ಲಿಂದ 22ರವರೆಗೆ ಯಾವುದೋ ಗೋಡೌನಿನ ತಗಡಿನ ಮಾಡಿನ ಕೆಳಗೆ. 23ಕ್ಕೆ ಮತ್ತೆ ಲಾರಿ, 24ಕ್ಕೆ ಮನೆ. ಲೆಕ್ಕ ಕರಾರುವಾಕ್ಕಾಗಿದೆ. ಹಣ ಕಟ್ಟಿಸಿಕೊಳ್ಳುವಾಗಲೇ ಈ ಲೆಕ್ಕ ಅಂಗಡಿಯವರಿಗೆ ಗೊತ್ತಾಗಬಹುದಿತ್ತು. ಅಕ್ಕನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಸರದಿಯ ಪುಸ್ತಕ ಅವಳ ಕೈಯಲ್ಲಿಲ್ಲವಲ್ಲ!

ಇನ್ನೊಂದು ಮಾತು. ತಿನ್ನುವ ಪದಾರ್ಥವನ್ನು ರಜೆಯ ಹಿಂದಿನ ಒಂದೆರಡು ದಿನದಲ್ಲಿ ದೂರಕ್ಕೆ ಕಳಿಸಲೇಬಾರದು. "ಹೇಗೂ ಮಾಡಿಟ್ಟಿದ್ದೀವಿ, ಕಳಿಸಿಬಿಡೋಣ" ಎಂಬ ಆತುರವೇ ಗೋಡೌನಿನಲ್ಲಿ ಬೆಲ್ಲ ಕರಗಿಸುತ್ತದೆ. ಕರದಂಟು ಹೇಗೋ ತಡೆದೀತು. ಹಾಲಿನ ಕುಂದ ತಡೆದೀತೇ? ಆದ್ದರಿಂದ ದೂರದ ಊರಿನ ಕೊನೆಯ ರವಾನೆಯನ್ನು ಮೊದಲೇ ನಿಲ್ಲಿಸಿ, ಉಳಿದದ್ದನ್ನು ಹಬ್ಬ ಕಳೆದ ಮೇಲೆ ಹೊಸದಾಗಿ ಮಾಡಿ ಕಳಿಸುವುದೇ ಮರ್ಯಾದೆ.

ಬಾಗಿಲು ತೆಗೆದ ಮಾತ್ರಕ್ಕೆ ಎಲ್ಲ ಸರಿಹೋಗದು

ಇನ್ನು ರಜೆಯ ಆಚೆಯ ಕಥೆ. "24ರಿಂದ ಎಂದಿನಂತೆ" ಎಂದು ಬರೆದುಬಿಡುತ್ತಾರೆ. ಇದೂ ಅರ್ಧ ಸತ್ಯವೇ. ಬಾಗಿಲು ತೆಗೆಯುವುದು 24ರ ಶುಕ್ರವಾರ. ಅಂದು ಒಲೆ ಹಚ್ಚಿದರೆ ಮೊದಲ ರವಾನೆ 25ರ ಶನಿವಾರ. ಅಷ್ಟರಲ್ಲಿ ಬಾಕಿ ಬಿದ್ದ ಆರ್ಡರ್ 240 ಡಬ್ಬಿ ಎನ್ನಿ. ದಿನಕ್ಕೆ 60ರಂತೆ ನಾಲ್ಕು ದಿನದಲ್ಲಿ ಮುಗಿದೀತು ಎಂದು ನೀವು ಹೇಳಬಹುದು. ಮುಗಿಯದು! ದಿನವೂ 30 ಹೊಸ ಆರ್ಡರ್ ಬರುತ್ತಲೇ ಇರುತ್ತದೆ. 60 ಹೋಯಿತು, 30 ಬಂತು. ಬಾಕಿ ಇಳಿಯುವುದು ದಿನಕ್ಕೆ 30 ಮಾತ್ರ. ಹಾಗಾದರೆ 240 ಇಳಿಯಲು ಎಂಟು ಕೆಲಸದ ದಿನ ಬೇಕು.

ಎಣಿಸಿ: ಅಕ್ಟೋಬರ್ 25, 27, 28, 29, 30, 31. ಆರಾಯಿತು. ಮರುದಿನ ಏನು? ನವೆಂಬರ್ 1! ಕನ್ನಡ ರಾಜ್ಯೋತ್ಸವ! 2025ರಲ್ಲಿ ಅದು ಶನಿವಾರ ಬಂದಿತ್ತು. ಮಾರನೆಯ ದಿನ ಭಾನುವಾರ. ಉಳಿದ ಎರಡು ದಿನ ನವೆಂಬರ್ 3 ಮತ್ತು 4. ಅಂದರೆ 5ನೇ ತಾರೀಕು ಬಂದಾಗಲೇ "ಎಂದಿನಂತೆ". ಐದು ದಿನದ ರಜೆಯ ಬಿಸಿ ಬಾಗಿಲು ತೆಗೆದ ಮೇಲೂ ಹನ್ನೊಂದು ದಿನ ಆರುವುದಿಲ್ಲ.

ಈ ರಾಜ್ಯೋತ್ಸವವನ್ನು ಪಟ್ಟಿಯಿಂದ ಬಿಟ್ಟ ಎಷ್ಟೋ ಚೀಟಿಗಳನ್ನು ನಾನು ನೋಡಿದ್ದೇನೆ. ಕೈಗಾರಿಕೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರ ಕಾನೂನೇ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜತೆ ನವೆಂಬರ್ 1 ಕೂಡ ಅದರಲ್ಲಿ ಸಂಬಳ ಸಹಿತ ರಜೆ. ಅಂದ ಮೇಲೆ ರವಾನೆಯ ಪಟ್ಟಿ ಬರೆಯುವಾಗ ಅದು ನೆನಪಾಗಬೇಡವೇ? ಬರೆಯದಿದ್ದರೆ ಎರಡರಲ್ಲೊಂದು ಆಗುತ್ತದೆ. ಗಿರಾಕಿಗೆ ಕೊಟ್ಟ ಮಾತು ತಪ್ಪುತ್ತದೆ, ಇಲ್ಲವೇ ಕೆಲಸಗಾರನ ರಾಜ್ಯೋತ್ಸವ ತಪ್ಪುತ್ತದೆ. ತಪ್ಪುವುದು ಸಾಮಾನ್ಯವಾಗಿ ಬಡಪಾಯಿ ಕೆಲಸಗಾರನದೇ. ಕೊನೆಯ ದಿನ ಎಂಬುದೊಂದು ಇಲ್ಲದಿದ್ದರೆ ಚತುರ್ದಶಿಯ ಹಿಂದಿನ ರಾತ್ರಿಯವರೆಗೂ ಒಲೆ ಆರುವುದಿಲ್ಲ. ಪಾಕ ತಿರುವುವ ಹೆಂಗಸರು ತಮ್ಮ ಮನೆಯ ನೀರು ತುಂಬುವ ಹಬ್ಬಕ್ಕೆ ಕೊನೆಯ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಾರೆ. ಚೀಟಿ ಸರಿಯಾಗಿದ್ದರೆ ಅವರಿಗೂ ಹಬ್ಬ ಸಿಕ್ಕೀತು.

ಮಾತು ಬಿಡಿಸಿ ಬರೆಯಿರಿ

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಚೀಟಿ ಕನ್ನಡದಲ್ಲಿರಬೇಕು, ಸರಿ. ಎಂಥ ಕನ್ನಡ?

"23ರವರೆಗೆ ರಜೆ" ಎಂದರೆ 23ರಂದು ಅಂಗಡಿ ತೆರೆದಿರುತ್ತದೋ ಮುಚ್ಚಿರುತ್ತದೋ? ಹತ್ತು ಜನರನ್ನು ಕೇಳಿ, ಎರಡು ಉತ್ತರ ಬರುತ್ತದೆ. "ತನಕ" ಎಂದರೂ ಅದೇ ಗೊಂದಲ. ಆದ್ದರಿಂದ ರಜೆ ಮುಗಿಯುವ ದಿನ ಬರೆಯುವುದಕ್ಕಿಂತ ಬಾಗಿಲು ತೆಗೆಯುವ ದಿನ ಬರೆಯಿರಿ: "24, ಶುಕ್ರವಾರ ಬೆಳಿಗ್ಗೆ ತೆರೆಯುತ್ತೇವೆ." ಇನ್ನು ಸಂಶಯಕ್ಕೆ ಜಾಗವಿಲ್ಲ.

"ದೀಪಾವಳಿಗೆ ರಜೆ" ಎಂದರೆ ಯಾವ ದಿನ? ಒಬ್ಬರಿಗೆ ದೀಪಾವಳಿ ಎಂದರೆ ಚತುರ್ದಶಿಯ ಎಣ್ಣೆಸ್ನಾನ, ಇನ್ನೊಬ್ಬರಿಗೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, ಮಲೆನಾಡಿನ ಕಡೆ ಪಾಡ್ಯದ ಗೋಪೂಜೆ. ಹಬ್ಬದ ಹೆಸರು ಶುಭಾಶಯಕ್ಕಿರಲಿ, ಲೆಕ್ಕಕ್ಕೆ ತಾರೀಕು ಮತ್ತು ವಾರ ಎರಡೂ ಇರಲಿ. ತಾರೀಕು ತಪ್ಪಿ ಅಚ್ಚಾದರೆ ವಾರ ಅದನ್ನು ಹಿಡಿದುಕೊಡುತ್ತದೆ.

"ಡೆಲಿವರಿ 25ರಿಂದ" ಎಂದರೆ ನಿಮ್ಮ ಬಾಗಿಲಿನಿಂದ ಹೊರಡುವುದೋ, ನಮ್ಮ ಬಾಗಿಲಿಗೆ ಬರುವುದೋ? ಕನ್ನಡದಲ್ಲಿ ಎಷ್ಟು ಚೆಂದದ ಎರಡು ಮಾತಿದೆ: ಹೊರಡುವ ದಿನ, ಮುಟ್ಟುವ ದಿನ. ಗಿರಾಕಿಗೆ ಬೇಕಾದದ್ದು ಎರಡನೆಯದು. ಹಾಗೆಯೇ "ಕೊನೆಯ ಆರ್ಡರ್ 10ಕ್ಕೆ" ಎಂದರೆ ಸಂಜೆ ಎಷ್ಟು ಗಂಟೆಗೆ? ಬರೀ ಫೋನ್ ಮಾಡಿದರೆ ಸಾಕೋ, ಹಣವೂ ಬಂದಿರಬೇಕೋ? ಒಂದೇ ಸಾಲು ಹೆಚ್ಚು ಬರೆದರೆ ಜಗಳವೇ ಇಲ್ಲ.

ಎಲ್ಲ ಸೇರಿಸಿದರೆ ಚೀಟಿ ಹೀಗಿರುತ್ತದೆ ನೋಡಿ:

"ಗಿರಾಕಿಗಳಿಗೆ ವಿನಂತಿ. ಕರದಂಟು ದೀಪಾವಳಿಗೆ ಮುಂಚೆ ನಿಮ್ಮ ಮನೆ ಮುಟ್ಟಬೇಕಾದರೆ ಆರ್ಡರ್ ಮತ್ತು ಹಣ ಎರಡೂ ಈ ದಿನ ಸಂಜೆ 5 ಗಂಟೆಯೊಳಗೆ ನಮಗೆ ಸೇರಬೇಕು: ಹೊರರಾಜ್ಯ, ಅಕ್ಟೋಬರ್ 8, ಬುಧವಾರ. ಕರ್ನಾಟಕದ ಇತರ ಜಿಲ್ಲೆ, 10, ಶುಕ್ರವಾರ. ಅಕ್ಕಪಕ್ಕದ ಜಿಲ್ಲೆ, 13, ಸೋಮವಾರ. ನಂತರ ಬಂದ ಆರ್ಡರ್ ಹಬ್ಬಕ್ಕೆ ಮುಟ್ಟುವುದಿಲ್ಲ. 19, ಭಾನುವಾರದಿಂದ ಅಂಗಡಿ ಇರುವುದಿಲ್ಲ. 24, ಶುಕ್ರವಾರ ತೆರೆಯುತ್ತೇವೆ. ಬಾಕಿ ಆರ್ಡರ್‌ಗಳು ಬಂದ ಸರದಿಯಂತೆ 25, ಶನಿವಾರದಿಂದ ಹೊರಡುತ್ತವೆ. ನವೆಂಬರ್ 1, ರಾಜ್ಯೋತ್ಸವ, ರವಾನೆ ಇಲ್ಲ. ನವೆಂಬರ್ 5, ಬುಧವಾರದಿಂದ ಎಂದಿನಂತೆ. ಕಾಯಲು ಆಗದವರು ತಿಳಿಸಿದರೆ ಹಣ ಪೂರ್ತಿ ವಾಪಸು."

ಇಷ್ಟೇ. ಒಂದು ಅಂಚೆಕಾರ್ಡಿನಲ್ಲಿ ಹಿಡಿಯುತ್ತದೆ. ಇದಕ್ಕೆ ದೀಪದ ಚಿತ್ರ ಬೇಡ, ಪಟಾಕಿ ಬೇಡ.

ಇದನ್ನು ಯಾವಾಗ ಹೇಳಬೇಕು? ಮೊದಲ ಕೊನೆಯ ದಿನ 8 ಆದರೆ 6ಕ್ಕೆ ಹೇಳಿ ಪ್ರಯೋಜನವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! 2025ರಲ್ಲಿ ಅಕ್ಟೋಬರ್ 1 ಆಯುಧ ಪೂಜೆ, 2 ವಿಜಯದಶಮಿ. ಆ ಎರಡು ದಿನ ಯಂತ್ರವೂ ನಿಂತಿತ್ತು, ಫೋನ್ ಎತ್ತುವವರೂ ಇರಲಿಲ್ಲ. ಆದ್ದರಿಂದ ಚೀಟಿ ದಸರೆಗೆ ಮೊದಲೇ, ಸೆಪ್ಟೆಂಬರ್ ಕೊನೆಯ ವಾರದಲ್ಲೇ ಹೊರಬರಬೇಕಿತ್ತು. ಎಲ್ಲಿ ಹೇಳಬೇಕು? ಹಣ ಕಟ್ಟುವ ಜಾಗದಲ್ಲಿ, ಹಣ ಕಟ್ಟುವುದಕ್ಕೆ ಮೊದಲು. ಫೋನಿನಲ್ಲಿ ಆರ್ಡರ್ ಬಂದರೆ ಬಾಯಲ್ಲೇ: "ಅಕ್ಕಾರ, ಇದು ಹಬ್ಬಕ್ಕ ಮುಟ್ಟಂಗಿಲ್ಲರೀ, 28ರ ಮ್ಯಾಗ ಬರ್ತೈತಿ, ನಡೀತೈತೇನ್ರೀ?" ಈ ಒಂದು ಮಾತು ನನ್ನ ಅಕ್ಕನಿಗೆ ಯಾರಾದರೂ ಹೇಳಿದ್ದರೆ ಅವಳು ದಾವಣಗೆರೆಯ ಪೇಟೆಯಲ್ಲೇ ಏನಾದರೂ ಕೊಂಡು ಅಳಿಯನ ಮುಂದೆ ಇಡುತ್ತಿದ್ದಳು.

ವ್ಯಾಪಾರಿಯ ಅಳಲೂ ಇದೆ

ಅಂಗಡಿಯವರ ಮಾತನ್ನೂ ಕೇಳೋಣ. "8ಕ್ಕೇ ಕೊನೆ ಎಂದರೆ ಪಕ್ಕದ ಅಂಗಡಿಯವನು 17ರವರೆಗೂ ಆರ್ಡರ್ ಹಿಡಿಯುತ್ತಾನೆ. ನಮ್ಮ ಗತಿ?" ಎನ್ನುತ್ತಾರೆ. ಸುಳ್ಳಲ್ಲ, ಕೆಲವು ಆರ್ಡರ್ ಕೈ ತಪ್ಪುತ್ತದೆ. ಆದರೆ ಆ ಆರ್ಡರಿನ ಗತಿ ನೋಡಿ. ತಡವಾಗಿ ಮುಟ್ಟಿದ ಪಾರ್ಸೆಲನ್ನು ಗಿರಾಕಿ ಬೇಡವೆಂದರೆ ಹೋಗುವ ಬಾಡಿಗೆ, ಬರುವ ಬಾಡಿಗೆ, ಕೆಟ್ಟ ಮಾಲು, ಮೂರೂ ಅಂಗಡಿಯವರ ತಲೆಗೇ. ಜತೆಗೆ ಕೊನೆಯ ದಿನ ಹೇಳುವುದೆಂದರೆ ಆರ್ಡರ್ ನಿಲ್ಲಿಸುವುದಲ್ಲ. ಹಬ್ಬಕ್ಕೆ ಬೇಡ, ಆಮೇಲೆ ಬಂದರೂ ಸರಿ ಎನ್ನುವವರೂ ಇದ್ದಾರೆ. ಅವರಿಗೆ ನಿಜವಾದ ದಿನ ಹೇಳಿದರೆ ಕಾಯುತ್ತಾರೆ.

ಇನ್ನೊಂದು ಒಪ್ಪಿಕೊಳ್ಳಬೇಕಾದ ಸತ್ಯವಿದೆ. ಎಷ್ಟೇ ಲೆಕ್ಕ ಹಾಕಿದರೂ ಘಾಟಿಯಲ್ಲಿ ಲಾರಿ ಕೆಟ್ಟು ನಿಲ್ಲಬಹುದು, ಮಳೆ ಹಿಡಿಯಬಹುದು. ಅದಕ್ಕೆ ಅಂಗಡಿಯವರು ಹೊಣೆಯಲ್ಲ. ನಾವು ಕೇಳುವುದು ಅವರಿಗೆ ಗೊತ್ತಿರುವುದನ್ನು ನಮಗೆ ಹೇಳಿ ಎಂದಷ್ಟೇ. ದೂರದಿಂದ ಆನ್‌ಲೈನಿನಲ್ಲಿ ಮಾರುವವರು ರವಾನೆ, ವಾಪಸಾತಿಯ ವಿವರಗಳನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ. ದೂರು ಹೇಳಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ನಾಲ್ಕು ಡಬ್ಬಿ ಕರದಂಟಿಗೆ ಕಾನೂನಿನ ಬಾಗಿಲು ತಟ್ಟುವುದಕ್ಕಿಂತ, ಆರ್ಡರ್ ಕೊಡುವಾಗಲೇ ಒಂದು ಪ್ರಶ್ನೆ ಕೇಳುವುದು ಸುಲಭ.

ಆ ಪ್ರಶ್ನೆ ಇದು, ಮಿತ್ರರೇ. "ಯಾವತ್ತು ಮುಚ್ಚುತ್ತೀರಿ?" ಎಂದು ಕೇಳಬೇಡಿ. "ಇವತ್ತು ಕೊಟ್ಟರೆ ನಮ್ಮ ಮನೆಗೆ ಯಾವತ್ತು ಮುಟ್ಟುತ್ತದೆ?" ಎಂದು ಕೇಳಿ. ತಾರೀಕು ಹೇಳಿದರೆ ಬರೆದುಕೊಡಲು ಹೇಳಿ, ಕನ್ನಡದಲ್ಲೇ. "ನೋಡೋಣ, ಬೇಗ ಕಳಿಸ್ತೀವಿ" ಎಂದರೆ ಹಣವನ್ನು ಜೇಬಿಗೆ ಹಾಕಿಕೊಂಡು ಬನ್ನಿ.

ನನ್ನ ಅಕ್ಕ ಸಂಕ್ರಾಂತಿಗೆ ಅದೇ ಅಂಗಡಿಗೆ ಫೋನ್ ಮಾಡಿ ಈ ಪ್ರಶ್ನೆ ಕೇಳಿದಳು. ಹುಡುಗ ಒಂದು ಗಳಿಗೆ ಸುಮ್ಮನಿದ್ದು, "ತಡೀರಿ ಅಕ್ಕಾರ, ಪುಸ್ತಕ ನೋಡಿ ಹೇಳ್ತೀನಿ" ಅಂದನಂತೆ. ಗಿರಾಕಿ ಕೇಳಿದ ಮೇಲೆ ನೋಡುವ ಆ ಪುಸ್ತಕವನ್ನು ಚೀಟಿ ಬರೆಯುವ ಮೊದಲೇ ನೋಡಿದರೆ ಸಾಕು, ಸ್ವಾಮಿ!